ಹೀರೋ ಒಮ್ಮೆ ಹಿಂತಿರುಗಿ ನೋಡುತ್ತಾನೆ

ಹೊರಟವರನ್ನು ಹಿಂದಿನಿಂದ ಕರೆಯಬಾರದು ಎಂದು ಎಲ್ಲರೂ ಹೇಳುತ್ತಾರೆ. ಅವಸರ ಬಂದಾಗ ಎಲ್ಲರೂ ಕರೆಯುತ್ತಾರೆ. ಬಸವಕಲ್ಯಾಣದ ಜಿಜಾಬಾಯಿ ಮಾತ್ರ ಕರೆಯುವವಳಲ್ಲ. ಮಗಳು ಛತ್ರಿ ಮರೆತು ಹೊರಟರೆ ಆಕೆ ಛತ್ರಿ ಹಿಡಿದು ಪಕ್ಕದ ಸಂದಿಯಿಂದ ಓಡಿ, ಸುತ್ತು ಹಾಕಿ, ಮಗಳ ಎದುರಿಗೆ ಬಂದು ನಿಲ್ಲುತ್ತಾಳೆ. ಹಳೆ ಸೀರೆಗಳ ಕೌದಿ ಹೊಲಿದು ಹೊಲಿದು ಮೊಣಕಾಲು ಹಿಡಿದುಹೋದ ಹೆಂಗಸು. ಉಸಿರು ಸಿಕ್ಕಿದ ಮೇಲೆ ಛತ್ರಿ ಕೈಗಿಡುತ್ತಾಳೆ.

“ಒಂದು ಕೂಗು ಹಾಕಿದ್ರ ಸಾಕಿತ್ತಲ್ಲ ಅವ್ವಾ” ಎಂದು ಮಗಳು ಸೋನಾಲಿ ರೇಗಿದರೆ ಒಂದೇ ಉತ್ತರ: “ಹಿಂದಿಂದ ಕರದ್ರ ಹೋಗೋ ಕಾಲು ತಪ್ಪತದ.”

ನಾನು ಬರೆಯಬೇಕೆಂದಿರುವುದು ಸೋನಾಲಿಯ ಬಗ್ಗೆ. ಆದರೆ ತಾಯಿಯ ಈ ಮಾತು ಮೊದಲು ಗೊತ್ತಿರದಿದ್ದರೆ ಮಗಳ ಕಥೆ ಅರ್ಥವಾಗುವುದಿಲ್ಲ. ನಾನು ವೈಜಿನಾಥ. ಹುಮನಾಬಾದಿನ ಬಸ್ ಸ್ಟ್ಯಾಂಡಿನ ಎದುರು ಮೂವತ್ತು ವರ್ಷದಿಂದ ಫೋಟೋ ಸ್ಟುಡಿಯೋ ನಡೆಸುತ್ತಿದ್ದೇನೆ. ನನ್ನ ಬಾಯಿ ಸ್ವಲ್ಪ ಹರಿತ, ಸಿಟ್ಟು ಮೂಗಿನ ತುದಿಯಲ್ಲಿ, ಇದನ್ನು ನನ್ನ ಹೆಂಡತಿಯೇ ಹೇಳಿದ್ದಾಳೆ, ಆದ್ದರಿಂದ ಖರೆ ಇರಬೇಕು.

ಎಂಟು ವರ್ಷದ ಹಿಂದೆ ತಾಯಿ-ಮಗಳು ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ಹಾರ ಹಾಕುವ ಫೋಟೋ ಮಾಡಿಸಲಿಕ್ಕೆ. ಜಿಜಾಬಾಯಿಯ ಮಗ ಕುನಾಲ ಹತ್ತೊಂಬತ್ತಕ್ಕೇ ಹೋಗಿದ್ದ. ಊರಾಚೆ ಹಳೆಯ ಕಲ್ಲಿನ ಖಣಿಯಲ್ಲಿ ಮಳೆಯ ನೀರು ನಿಂತಿತ್ತು, ಜಿಗಿದವನು ಬಂಡೆಗೆ ಬಡಿದುಕೊಂಡ. ಅವನದೆಂದು ಒಂದೂ ಒಂಟಿ ಫೋಟೋ ಇರಲಿಲ್ಲ. ಮದುವೆಯೊಂದರ ಗುಂಪು ಫೋಟೋದಿಂದ ಅವನ ತಲೆ ಕತ್ತರಿಸಿ ತೆಗೆದು, ಯಾರದೋ ಕೋಟು ತೊಡಿಸಿ, ಹಿಂದೆ ನೀಲಿ ಬಣ್ಣ ಹಾಕಿ ಕೊಟ್ಟೆ. ನಮ್ಮ ಕಸುಬಿನಲ್ಲಿ ಇದು ನಡೆದೇ ಇರುತ್ತದೆ. ಬದುಕಿದ್ದಾಗ ಕೋಟನ್ನೇ ಕಾಣದವರು ಸತ್ತ ಮೇಲೆ ನನ್ನ ಕೈಯಲ್ಲಿ ಕೋಟು ತೊಡುತ್ತಾರೆ.

ನಾನು ಕಂಪ್ಯೂಟರಿನಲ್ಲಿ ಕೆಲಸ ಮಾಡುವಾಗ ಸೋನಾಲಿ ಬೆನ್ನ ಹಿಂದೆ ನಿಂತು ನೋಡುತ್ತಿದ್ದಳು. ಕಿವಿಯ ಹತ್ತಿರ ತಪ್ಪಾಗಿ ಕತ್ತರಿಸಿದೆ, ಒಂದು ಗುಂಡಿ ಒತ್ತಿ ಮತ್ತೆ ಮೊದಲಿನಂತೆ ಮಾಡಿದೆ.

“ಇಲ್ಲಿ ತಪ್ಪಾದ್ರ ಹಿಂದಕ್ಕ ಹೋಗಾಕ ಬರ್ತದೇನ್ರಿ ಕಾಕಾ?” ಎಂದು ಕೇಳಿದಳು.

“ಎಷ್ಟು ಬೇಕಾದ್ರೂ ಹೋಗಬಹುದು ಬೇ” ಎಂದೆ.

ಮುಂದಿನ ತಿಂಗಳು ಬಂದು ಕೆಲಸ ಕೇಳಿದಳು. ಅಂದಿನಿಂದ ದಿನಾ ಬಸವಕಲ್ಯಾಣದಿಂದ ಬಸ್ಸಿಗೆ ಬರುತ್ತಾಳೆ, ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಮಿಕ್ಸಿಂಗ್ ಕೆಲಸ ಮಾಡುತ್ತಾಳೆ. ಮೂರು ಗಂಟೆಯ ಗೊಂದಲದಲ್ಲಿ ಮದುಮಗಳ ತಂದೆ ಕಣ್ಣೊರೆಸಿಕೊಂಡ ಒಂದು ಕ್ಷಣವನ್ನು ಹೆಕ್ಕಿ ತೆಗೆಯುವ ಕಣ್ಣು ಅವಳದು. ಆದರೆ ಕ್ಯಾಮೆರಾ ಮುಟ್ಟುವುದಿಲ್ಲ. ಎಷ್ಟೋ ಸಲ ಹೇಳಿ ನೋಡಿದೆ, ಬೈದೂ ನೋಡಿದೆ. “ನನ್ನ ಕೈ ನಡಗತದ್ರಿ” ಎನ್ನುತ್ತಿದ್ದಳು. ಸೂಜಿಗೆ ದಾರ ಪೋಣಿಸುವಾಗ ನಡುಗದ ಕೈ ಕ್ಯಾಮೆರಾಕ್ಕೆ ಮಾತ್ರ ಯಾಕೆ ನಡುಗುತ್ತದೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಈ ವರ್ಷ ಸಲ್ಮಾನ್ ಬಂದ. ನಮ್ಮ ಗಲ್ಲಿಯ ಖುರ್ಷೀದ್ ಬೇಗಂ ಅವರ ಮಗ. ಹೈದರಾಬಾದಿನಲ್ಲಿ ಮೂವರು ಗೆಳೆಯರ ಜೊತೆ ಸೇರಿ ಫೋನಿನಲ್ಲಿ ಆಡುವ ಒಂದು ಗೇಮ್ ಮಾಡಿದ್ದ. ಒಬ್ಬ ಹುಡುಗ ಕೋಟೆಯ ಗೋಡೆಗಳ ಮೇಲೆ ಓಡುತ್ತಾ ಜಿಗಿಯುತ್ತಾ ಶತ್ರುಗಳಿಂದ ತಪ್ಪಿಸಿಕೊಳ್ಳುವ ಆಟ. ಅದಕ್ಕೆ ಮೂವತ್ತು ಸೆಕೆಂಡಿನ ಟ್ರೇಲರ್ ಬೇಕಿತ್ತು, ಶುಕ್ರವಾರದ ಒಳಗೆ.

“ಬರೆದ್ರ ಸಾಕು ಕಾಕಾ, ಈಗ ಎಐ ತಾನೇ ವಿಡಿಯೋ ಮಾಡಿ ಕೊಡ್ತದ. ಆ ಬರೆಯೋದಕ್ಕ ಪ್ರಾಂಪ್ಟ್ ಅಂತಾರ. ಹೀರೋ ಜಬರ್ದಸ್ತ್ ಇರಬೇಕು, ಕ್ಯಾಮೆರಾ ಓಡಬೇಕು, ನೋಡೋರ ಹೆಬ್ಬೆಟ್ಟು ಸ್ಕ್ರೀನ್ ಮ್ಯಾಲೇ ನಿಲ್ಲಬೇಕು” ಎಂದ. ತನ್ನ ಗೇಮಿನ ಹೀರೋನ ಚಿತ್ರವನ್ನೂ ಕೊಟ್ಟು ಹೋದ. ಚೂಪು ಗದ್ದದ, ಕೆಂಪು ನಡುಪಟ್ಟಿಯ ಹುಡುಗ.

ಬರೆಯುವುದೆಂದರೆ ನಾನೇ ಮುಂದೆ. ಮದುವೆ ಪತ್ರಿಕೆಗಳ ಒಕ್ಕಣೆ ಬರೆದ ಕೈ ಇದು. ಮಹಾಶೂರ, ಅತಿ ಬಲಶಾಲಿ ವೀರ, ಬೆಂಕಿ, ಮಿಂಚು, ಕ್ಯಾಮೆರಾ ಮೇಲಿನಿಂದ, ಕೆಳಗಿನಿಂದ, ಸುತ್ತಲೂ ತಿರುಗುತ್ತಾ ಅತಿ ವೇಗವಾಗಿ ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ತುಂಬಿದೆ. ಎಂಟು ಸೆಕೆಂಡಿನ ತುಣುಕು ಬಂತು. ಹೋಟೆಲಿನ ಬಾಗಿಲಲ್ಲಿ ನಿಲ್ಲಿಸುವ ಗೊಂಬೆಯಂಥ ಮನುಷ್ಯ ಎದೆ ಉಬ್ಬಿಸಿ ನಿಂತಿದ್ದ. ಕ್ಯಾಮೆರಾ ಕುಡಿದವನ ಹಾಗೆ ತೂರಾಡಿತು. ನಡುವೆ ಅವನಿಗೆ ಮೂರನೆಯ ಕೈಯೊಂದು ಮೂಡಿ ಮಾಯವಾಯಿತು. ಸೋನಾಲಿ ಬಾಯಿಗೆ ಓಢಣಿ ಅಡ್ಡ ಹಿಡಿದು ನಕ್ಕಳು.

“ಕಾಕಾ, ಶೂರ ಅಂತ ಬರೆದ್ರ ಅದಕ್ಕ ಏನ್ ಕಾಣಬೇಕ್ರಿ? ಶೂರ ಏನ್ ಮಾಡ್ತಾನ ಅದನ್ನ ಬರೀಬೇಕು. ಮತ್ತ ಒಂದು ತುಣುಕಿಗೆ ಕ್ಯಾಮೆರಾದ ಚಲನೆ ಒಂದೇ ಸಾಕು. ವೇಗ ನಾವು ಆಮ್ಯಾಲೆ ಕತ್ತರಿಸಿ ತರೋಣು.”

ಅವಳು ಕುಳಿತಳು. ಸಲ್ಮಾನ್ ಕೊಟ್ಟ ಹೀರೋನ ಚಿತ್ರವನ್ನು ಗುರುತಿಗೆಂದು ಜೋಡಿಸಿದಳು, ಅದರಿಂದ ಪ್ರತಿ ತುಣುಕಿನಲ್ಲೂ ಅದೇ ಹುಡುಗ, ಅದೇ ಬಟ್ಟೆ ಬರುತ್ತದೆ. ಅಷ್ಟಾದರೂ ಮುಖ ತುಣುಕಿಂದ ತುಣುಕಿಗೆ ಅಷ್ಟಿಷ್ಟು ಬದಲಾಗುತ್ತದೆಂದು ಕ್ಯಾಮೆರಾವನ್ನು ಬೆನ್ನ ಹಿಂದೆ ಇಟ್ಟಳು, ಸೂರ್ಯನನ್ನು ಎದುರಿಗೆ ಇಟ್ಟಳು, ಮುಖ ನೆರಳಾಗುವ ಹಾಗೆ. ಅವಳು ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು ಕನ್ನಡದಲ್ಲಿ ಹೇಳುವುದಾದರೆ ಹೀಗೆ:

‘ತೆಳ್ಳನೆಯ ಹುಡುಗ, ಬರಿಗಾಲು, ಒದ್ದೆ ಕೂದಲು. ಕಲ್ಲಿನ ಗೋಡೆಯ ಮೇಲೆ ಕ್ಯಾಮೆರಾದಿಂದ ದೂರಕ್ಕೆ ಓಡುತ್ತಾನೆ. ಓಡುವಾಗ ಎಡಭುಜ ಸ್ವಲ್ಪ ಕೆಳಗೆ ವಾಲುತ್ತದೆ. ಕ್ಯಾಮೆರಾ ಅವನ ಹಿಂದೆ, ಸೊಂಟದ ಎತ್ತರದಲ್ಲಿ, ಕೈಯಲ್ಲಿ ಹಿಡಿದಂತೆ ಅಲುಗುತ್ತಾ ಓಡುತ್ತದೆ. ಎದುರಿಗೆ ಸಂಜೆಯ ಸೂರ್ಯ. ಅಂಚಿಗೆ ಬಂದಾಗ ಹೀರೋ ಎಡಭುಜದ ಮೇಲಿಂದ ಒಮ್ಮೆ ಹಿಂತಿರುಗಿ ನೋಡುತ್ತಾನೆ. ಜಿಗಿಯುತ್ತಾನೆ.’

ಗುಂಡಿ ಒತ್ತಿದಳು. ಎರಡು ನಿಮಿಷ ಕಾದೆವು. ತುಣುಕು ಬಂತು.

ಹುಡುಗ ಓಡಿದ. ಎಡಭುಜ ವಾಲಿತು. ಅಂಚಿನಲ್ಲಿ ಕತ್ತು ತಿರುಗಿಸಿ, ನಮ್ಮನ್ನೇ ಗುರುತು ಹಿಡಿದವನಂತೆ ನೋಡಿದ, ಜಿಗಿದ. ಕುಣಿಯುವುದೊಂದು ಬಾಕಿ, “ಶಾಬಾಸ್!” ಎಂದು ಕೂಗಿ ಅದನ್ನು ಸಲ್ಮಾನನಿಗೆ ಕಳಿಸಿಬಿಟ್ಟೆ. ಸೋನಾಲಿಯ ಮುಖ ನೋಡುವ ವ್ಯವಧಾನ ನನಗೆಲ್ಲಿ? ಅವಳು ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದಿದ್ದಳು.

ಹತ್ತು ನಿಮಿಷದಲ್ಲಿ ಸಲ್ಮಾನನ ಫೋನ್. “ಇದೇ ಕಾಕಾ, ಇದೇ! ಅಂವ ತಿರುಗಿ ನೋಡ್ತಾನಲ್ಲ, ಅದ್ರಾಗೇ ಜೀವ ಅದ. ಖರೆ, ಜಿಗಿದ ಮ್ಯಾಲೆ ಕ್ಯಾಮೆರಾನೂ ಅವನ ಸಂಗಾಟ ಕೆಳಗ ಬೀಳಬೇಕು. ಇನ್ನೊಮ್ಮೆ ಮಾಡಸ್ರಿ.”

“ಇನ್ನೊಮ್ಮೆ ಮಾಡು” ಎಂದೆ ನಾನು.

ಅವಳು ಮಾಡಿದಳು. ಹುಡುಗ ಓಡಿದ, ನೋಡಿದ, ಬಿದ್ದ. ಕ್ಯಾಮೆರಾ ತಡವಾಗಿ ಬಿತ್ತು. ಇನ್ನೊಮ್ಮೆ ಎಂದೆ. ಮತ್ತೆ ಓಡಿದ, ನೋಡಿದ, ಬಿದ್ದ. ನಾಲ್ಕನೆಯ ಸಲಕ್ಕೆ ಅವಳು ಹಿಂತಿರುಗಿ ನೋಡುವ ಆ ಸಾಲನ್ನು ಅಳಿಸಿಹಾಕಿದ್ದನ್ನು ನಾನು ಕಂಡೆ. ಆದರೂ ಹುಡುಗ ತಿರುಗಿ ನೋಡಿದ.

ಯಾಕೆಂದು ಈಗ ಬಲ್ಲೆ. ಮೊದಲಿನ ತುಣುಕಿನದೇ ಒಂದು ಚಿತ್ರವನ್ನು ಆರಂಭಕ್ಕೆ ಕೊಟ್ಟಿದ್ದಳು, ಅದರಲ್ಲಿ ಕತ್ತು ಆಗಲೇ ತಿರುಗತೊಡಗಿತ್ತು, ಯಂತ್ರ ಅದನ್ನೇ ಮುಂದುವರಿಸಿತು. ಗೊತ್ತಿದ್ದರೂ ಇವತ್ತಿಗೂ ನೆನೆದರೆ ನನಗೆ ಅಂಜಿಕೆ. ಅಳಿಸಿದ ಮಾತನ್ನು ಅವನು ಕೇಳಿಸಿಕೊಂಡಿದ್ದ.

ಸೋನಾಲಿ ಎದ್ದು ಒಳಗಿನ ಫೋಟೋ ಕೋಣೆಗೆ ಹೋದಳು. ಹೋಗಿ ನೋಡಿದರೆ ಗಿರಾಕಿಗಳ ಸ್ಟೂಲಿನ ಮೇಲೆ, ನೀಲಿ ಪರದೆಯ ಮುಂದೆ ಕುಳಿತಿದ್ದಳು. ಹೊರಗೆ ಮಟಮಟ ಮಧ್ಯಾಹ್ನ.

“ಏನಾತು? ನಾಕು ಸಲ ಮಾಡೋದ್ರಾಗ ಸುಸ್ತಾತೇನು?” ಎಂದು ರೇಗಿದೆ. ಎಂಥ ಮನುಷ್ಯ ನಾನು!

“ಅಂವ ಕುನಾಲ ಇದ್ದಾನ್ರಿ ಕಾಕಾ. ಹಿಂಗೇ ಎಡಭುಜ ವಾಲಿಸಿ ಓಡ್ತಿದ್ದ” ಎಂದಳು.

ಆಮೇಲೆ ಹೇಳಿದಳು. ಎಂಟು ವರ್ಷ ಯಾರಿಗೂ ಹೇಳದ್ದನ್ನು ನನ್ನಂಥ ಬಾಯಿಬಡುಕನಿಗೆ ಹೇಳಿದಳು. ಅಂದು ಖಣಿಗೆ ಅವಳೂ ಹೋಗಿದ್ದಳು. ಕುನಾಲನಿಗೆ ಫೋನ್ ವಿಡಿಯೋ ಹುಚ್ಚು. ಓಡಿಬಂದು ಜಿಗಿಯುವುದನ್ನು ಅಕ್ಕ ಫೋನಿನಲ್ಲಿ ಹಿಡಿಯಬೇಕು. ಮೊದಲ ಸಲ ಚೆನ್ನಾಗಿಯೇ ಜಿಗಿದ, ನೀರಿನಿಂದ ನಗುತ್ತಾ ಮೇಲೆ ಬಂದ. ನೋಡಿದರೆ ಇವಳು ರೆಕಾರ್ಡ್ ಗುಂಡಿಯನ್ನೇ ಒತ್ತಿರಲಿಲ್ಲ.

“ಇನ್ನೊಮ್ಮೆ ಜಿಗಿ ಅಂದೆ. ಹಸಿವಾಗೇದ, ಸಾಕು ಅಂದ. ನಾನೇ ಬ್ಯಾಡಿಕೊಂಡೆ, ಒಂದೇ ಸಲ ಅಂತ. ಓಡಾಕತ್ತಾಗ, ಕುನಾಲಾ ಜೋರಾಗಿ ಓಡೋ, ಅಂತ ಹಿಂದಿಂದ ಕೂಗಿದೆ. ತಿರುಗಿ ನೋಡಿದ. ಕಾಲು ತಪ್ಪಿತು. ಹನ್ನೊಂದು ಸೆಕೆಂಡಿನ ವಿಡಿಯೋ ಕಾಕಾ. ಅಲ್ಲೇ ನಿಂತು ಅಳಿಸಿಬಿಟ್ಟೆ.”

ತಾಯಿಗೆ ಹೇಳಿದ್ದು ಬೇರೆ. ಊಟಕ್ಕೆ ಕರೆಯಲು ಹೋದೆ, ಅಷ್ಟರಲ್ಲಿ ಅವನು ಜಿಗಿದುಬಿಟ್ಟಿದ್ದ, ಎಂದು. ಜಿಜಾಬಾಯಿ ನಂಬಿದ್ದಳು. ಹಿಂದಿನಿಂದ ಕರೆಯದ ಆ ತಾಯಿಗೆ ಕರೆದವಳು ನಾನೇ ಎಂದು ಹೇಗೆ ಹೇಳುವುದು? ತಮ್ಮ ಹೋದ, ಇನ್ನು ಅವ್ವನೂ ಹೋದರೆ ಎಂಬುದು ಅವಳ ಭಯ. ಅವ್ವ ಎದುರಿಗಿದ್ದೂ ಹೋಗಿಬಿಡಬಹುದು ಎಂಬ ಭಯ.

“ಆ ತುಣುಕು ತೆಗೀರಿ ಕಾಕಾ. ನಮ್ಮ ಓಣ್ಯಾಗ ಎಲ್ಲಾರ ಕೈಯಾಗೂ ಫೋನ್ ಅದ. ಅವ್ವ ನೋಡಿದ್ರ ಗುರುತು ಹಿಡೀತಾಳ.”

ತೆಗೆಯುತ್ತೇನೆ ಎನ್ನಬೇಕಿತ್ತು. ಸಲ್ಮಾನನನ್ನು ಕೇಳಿದ್ದು ಖರೆ. ಅದೊಂದು ಬಿಟ್ಟು ಬೇರೆ ಏನಾದರೂ ತೆಗೆಯಿರಿ ಎಂದ ಅವನು. ಆದರೆ ನಿಜ ಹೇಳುತ್ತೇನೆ, ನನಗೂ ಅದು ಬೇಕಿತ್ತು. ಮೂವತ್ತು ವರ್ಷ ಕಣ್ಣು ಸವೆಸಿದ ಕಸುಬಿನಲ್ಲಿ ಅಂಥ ಎರಡು ಸೆಕೆಂಡು ನನ್ನ ಅಂಗಡಿಯಿಂದ ಹೊರಗೆ ಹೋಗಿರಲಿಲ್ಲ. “ನಿಮ್ಮವ್ವ ಕೌದಿ ಹೊಲೀತಾಳೋ ಗೇಮ್ ಆಡ್ತಾಳೋ?” ಎಂದು ನಗೆಯಾಡಿ ತೇಲಿಸಿದೆ.

ಮುಂದಿನ ಎರಡು ದಿನ ಅವಳು ತುಣುಕುಗಳನ್ನು ಜೋಡಿಸಿದಳು. ಒಂದೊಂದು ಎಂಟು ಸೆಕೆಂಡಿನಿಂದಲೂ ಒಂದೂವರೆ, ಎರಡು ಸೆಕೆಂಡು ಉಳಿಸಿಕೊಂಡು ಮಿಕ್ಕದ್ದನ್ನು ಬಿಸಾಡಿದಳು. ಹಿನ್ನೆಲೆಯ ಡೊಳ್ಳಿನ ಏಟಿಗೆ ಸರಿಯಾಗಿ ಕತ್ತರಿಸಿದಳು. ಕಾಲು ನೆಲ ಮುಟ್ಟುವ ಮೊದಲೇ ಮುಂದಿನ ತುಣುಕು. ನಡುನಡುವೆ ಸಲ್ಮಾನ್ ಕಳಿಸಿದ ನಿಜವಾದ ಆಟದ ದೃಶ್ಯ. ಗೇಮಿನ ಹೆಸರನ್ನು ಯಂತ್ರಕ್ಕೆ ಬಿಟ್ಟರೆ ಅಕ್ಷರ ಕಲಸುತ್ತದೆಂದು ತಾನೇ ಕೂಡಿಸಿದಳು. ಪರದೆಯ ಮೇಲೆ ಆ ಹುಡುಗ ದಿನಕ್ಕೆ ನೂರು ಸಲ ಜಿಗಿದ. ಅವನು ಅಂಚಿಗೆ ಬಂದಾಗಲೆಲ್ಲ ಅವಳ ಎಡಗೈ ಮೇಜಿನ ಮೇಲೆ ತಾನಾಗಿಯೇ ಮುಂದಕ್ಕೆ ಸರಿಯುತ್ತಿತ್ತು, ಹಿಡಿಯಲು ಹೋದಂತೆ. ಅದನ್ನು ನೋಡಲಾರದೆ ನಾನು ಚಹಾದ ನೆಪದಲ್ಲಿ ಹೊರಗೆ ಹೋಗುತ್ತಿದ್ದೆ. ಹೊರಗೆ ಹೋದರೂ ಪ್ರತಿ ಓಡುವ ಹುಡುಗನ ಬೆನ್ನು ನನಗೆ ಅದೇ ಬೆನ್ನಾಗಿ ಕಾಣತೊಡಗಿತ್ತು.

ಗುರುವಾರ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಟ್ರೇಲರ್ ಮುಗಿದಿತ್ತು. ದೊಡ್ಡ ಪರದೆಯಲ್ಲಿ ಒಮ್ಮೆ ಪೂರ್ತಿ ನೋಡೋಣ ಎಂದು ಹಾಕಿಸಿದೆ. ಡೊಳ್ಳು ಜೋರಾಗಿತ್ತು. ಬಾಗಿಲಲ್ಲಿ ಯಾರೋ ನಿಂತದ್ದು ನಮಗೆ ಗೊತ್ತಾಗಲಿಲ್ಲ.

ಜಿಜಾಬಾಯಿ. ಕೈಯಲ್ಲಿ ಊಟದ ಡಬ್ಬಿ.

ಮಗಳು ಮುಂಜಾನೆ ಡಬ್ಬಿ ಮರೆತು ಹೊರಟಿದ್ದಳು. ಆಕೆ ಕಂಡದ್ದು ಬಸ್ಸು ಹತ್ತುವ ಬೆನ್ನನ್ನು. ಸುತ್ತು ಹಾಕಿ ಎದುರಿಗೆ ಹೋಗಲು ಹೊತ್ತಿರಲಿಲ್ಲ. ಕರೆಯುವ ಬದಲು ಆಕೆ ಮುಂದಿನ ಬಸ್ಸಿಗೆ ಹುಮನಾಬಾದಿಗೇ ಬಂದಿದ್ದಳು. ಹಟವೆಂದರೆ ಇದು.

ಟ್ರೇಲರ್ ಮುಗಿಯಿತು. ಆಕೆ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

“ಇನ್ನೊಮ್ಮೆ ಹಾಕು” ಎಂದಳು.

ಸೋನಾಲಿಯ ಕೈ ಏಳಲಿಲ್ಲ. ನಾನೇ ಹಾಕಿದೆ. ಹುಡುಗ ಓಡಿದ, ಭುಜ ವಾಲಿತು, ತಿರುಗಿ ನೋಡಿದ.

“ಇವನ್ನ ಯಾರು ಕರದ್ರು?” ಎಂದಳು ಜಿಜಾಬಾಯಿ.

ನಾನು ನಡುವೆ ಬಾಯಿ ಹಾಕಿದೆ. “ಯಾರೂ ಇಲ್ರಿ ಅಕ್ಕಾ, ಅದು ಆಟದ್ದು. ಮಷೀನ್ ಮಾಡಿದ್ದು.”

“ಆಟ ಇರಲ್ರಿ ಅಣ್ಣಾ. ಯಾರೂ ಕರೀಲಾರದ ಹಿಂಗ ತಿರುಗಂಗಿಲ್ಲ.”

ಆಕೆ ನನ್ನನ್ನು ನೋಡಿ ಕೇಳಿರಲಿಲ್ಲ. ಪರದೆಯನ್ನೇ ನೋಡುತ್ತಿದ್ದಳು.

“ನಾ ಕರದೆ ಅವ್ವಾ” ಎಂದಳು ಸೋನಾಲಿ.

ಕುಳಿತಲ್ಲಿಂದಲೇ ಎಲ್ಲವನ್ನೂ ಹೇಳಿದಳು. ಒತ್ತದ ಗುಂಡಿ, ಎರಡನೆಯ ಜಿಗಿತ, ಹಸಿವೆಂದದ್ದು, ಕೂಗಿದ್ದು, ಅಳಿಸಿದ್ದು. ಒಂದನ್ನೂ ಬಿಡಲಿಲ್ಲ. ಜಿಜಾಬಾಯಿ ಸ್ಟೂಲಿನ ಮೇಲೆ ಕುಳಿತು ಕೇಳಿದಳು. ಹೆಬ್ಬೆರಳು ಮತ್ತು ತೋರುಬೆರಳು ಸೀರೆಯ ನೆರಿಗೆಯ ಮೇಲೆ ಸೂಜಿ ಇಲ್ಲದೆ ಹೊಲಿಯುತ್ತಿದ್ದವು. ಮಗಳು ಮುಗಿಸಿದ ಮೇಲೂ ಆ ಬೆರಳು ನಿಲ್ಲಲಿಲ್ಲ.

“ಇವನ್ನ ಈ ಕಡೀಗೆ ಬರೋಹಂಗ ಮಾಡಾಕ ಬರ್ತದೇನ?” ಎಂದು ಕೇಳಿದಳು ಕೊನೆಗೆ. “ಜಿಗೀಬಾರದು. ತಿರುಗಿ ನಿನ್ನ ಕಡೆ ಬರಬೇಕು.”

ಸೋನಾಲಿ ಬರೆದಳು. ಹುಡುಗ ಅಂಚಿನಲ್ಲಿ ನಿಲ್ಲುತ್ತಾನೆ, ಪೂರ್ತಿ ತಿರುಗುತ್ತಾನೆ, ನಿಧಾನವಾಗಿ ಕ್ಯಾಮೆರಾದತ್ತ ನಡೆದು ಬರುತ್ತಾನೆ. ಕ್ಯಾಮೆರಾ ಅಲುಗುವುದಿಲ್ಲ. ಆ ಎರಡು ನಿಮಿಷದಷ್ಟು ಉದ್ದದ ಎರಡು ನಿಮಿಷ ನಾನು ಕಂಡಿಲ್ಲ. ದೇವರೇ, ಆ ಕೋಟು ತೊಡಿಸಿದ ಮುಖವೇ ಬಂದುಬಿಡಲಿ ಎಂದು ಬೇಡಿಕೊಂಡೆ. ಬಾರದಿರಲಿ ಎಂದೂ ಬೇಡಿಕೊಂಡೆ.

ಅವನು ನಿಂತ. ತಿರುಗಿದ. ವಾಲಿದ ಭುಜ ಹೊತ್ತು ನಮ್ಮ ಕಡೆ ನಡೆದು ಬಂದ. ನೆರಳು ಸರಿದು ಮುಖದ ಮೇಲೆ ಬೆಳಕು ಬಿತ್ತು. ಸಲ್ಮಾನ್ ಕೊಟ್ಟ ಚಿತ್ರದ ಮುಖ. ಚೂಪು ಗದ್ದ, ಅಳತೆಗೆ ತಕ್ಕ ನಗು. ಯಾರಿಗೂ ಸೇರದವನು.

ಜಿಜಾಬಾಯಿ ಬಗ್ಗಿ ಹತ್ತಿರದಿಂದ ನೋಡಿದಳು.

“ಇಂವ ಬ್ಯಾರೇ ಯಾರೋ” ಎಂದಳು. “ಮೊದಲಿಂದೇ ಹಾಕು. ತಿರುಗಿ ನೋಡಿದಲ್ಲಿ ನಿಲ್ಸು.”

ಸೋನಾಲಿ ನಿಲ್ಲಿಸಿದಳು. ಅಂಚಿನಲ್ಲಿ ಹುಡುಗ, ಎಡಭುಜದ ಮೇಲೆ ಅರ್ಧ ತಿರುಗಿದ ನೆರಳು ಮುಖ. ಬೀಳುವುದಕ್ಕೆ ಇನ್ನೂ ಅರ್ಧ ಸೆಕೆಂಡು ಇತ್ತು.

“ಇದನ್ನ ಮಂದಿ ನೋಡ್ತಾರೇನ್ರಿ?”

“ಭಾಳ ಮಂದಿ ನೋಡ್ತಾರ್ರಿ ಅಕ್ಕಾ” ಎಂದೆ.

“ನೋಡಲಿ. ಬೀಳೋದು ತೋರಿಸಬ್ಯಾಡ್ರಿ.”

ಅಷ್ಟು ಹೇಳಿ ಆಕೆ ಬೆಂಚಿನ ಮೇಲೆ ಹೋಗಿ ಗೋಡೆಗೆ ಒರಗಿ ಕುಳಿತಳು. ಸೋನಾಲಿ ಜಿಗಿತವನ್ನು ಕತ್ತರಿಸಿದಳು. ಹೀರೋ ತಿರುಗಿ ನೋಡುತ್ತಿದ್ದಂತೆ ಡೊಳ್ಳು ನಿಲ್ಲುತ್ತದೆ, ಪರದೆ ಕಪ್ಪಾಗುತ್ತದೆ, ಗೇಮಿನ ಹೆಸರು ಬರುತ್ತದೆ. ಸಲ್ಮಾನ್ ಮೊದಲು ಗೊಣಗಿದ, ಆಮೇಲೆ ಮುಂದೇನಾಯಿತೆಂದು ನೋಡಲಾದರೂ ಜನ ಗೇಮ್ ಇಳಿಸಿಕೊಳ್ಳುತ್ತಾರೆ ಎಂದು ಒಪ್ಪಿದ. ನಿಜವಾದ ಕಾರಣವನ್ನು ನಾನು ಅವನಿಗೆ ಹೇಳಲಿಲ್ಲ. ಸಂಜೆಯವರೆಗೆ ಡಬ್ಬಿಯನ್ನು ಯಾರೂ ತೆರೆಯಲಿಲ್ಲ.

ಐದಕ್ಕೆ ಬಸವಕಲ್ಯಾಣದ ಬಸ್ಸು. ಸೋನಾಲಿ ಎದ್ದಳು, ತಾಯಿಯ ಕಡೆ ನೋಡಿದಳು. ಆಕೆ ಏಳಲಿಲ್ಲ. ಶಿಕ್ಷೆ ಕೇಳಿಸಿಕೊಂಡವಳಂತೆ ತಲೆ ತಗ್ಗಿಸಿ ಮೆಟ್ಟಿಲಿಳಿದು ಒಬ್ಬಳೇ ಹೊರಟಳು. ರಸ್ತೆಯಲ್ಲಿ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಜಿಜಾಬಾಯಿ ಆಗ ಎದ್ದು, ಡಬ್ಬಿ ಹಿಡಿದು ಬಾಗಿಲಿಗೆ ಬಂದಳು. ಪಕ್ಕದ ಸಂದಿಯಿಂದ ಸುತ್ತು ಹಾಕುತ್ತಾಳೆ ಎಂದುಕೊಂಡೆ. ಹಾಕಲಿಲ್ಲ. ಮೇಲಿನ ಮೆಟ್ಟಿಲಲ್ಲೇ ನಿಂತು, ಮಗಳ ಬೆನ್ನನ್ನು ನೋಡುತ್ತಾ, ಎದೆಯ ತುಂಬ ಉಸಿರು ತೆಗೆದುಕೊಂಡಳು.

“ಸೋನಾ!”

ಇಡೀ ಬಸ್ ಸ್ಟ್ಯಾಂಡಿಗೆ ಕೇಳಿಸುವ ಹಾಗೆ. ರಸ್ತೆಯ ಅಂಚಿನಲ್ಲಿದ್ದ ಸೋನಾಲಿ ಕಲ್ಲಾಗಿ ನಿಂತಳು. ಆಮೇಲೆ ಎಡಭುಜದ ಮೇಲಿಂದ, ನಿಧಾನಕ್ಕೆ, ತಿರುಗಿ ನೋಡಿದಳು. ಟ್ರ್ಯಾಕ್ಟರ್ ಒಂದು ತನ್ನ ಪಾಡಿಗೆ ತಾನು ಹಾದುಹೋಯಿತು. ಕಾಲು ತಪ್ಪಲಿಲ್ಲ.

ಜಿಜಾಬಾಯಿ ಡಬ್ಬಿಯನ್ನು ಎತ್ತಿ ಹಿಡಿದಳು.

“ಡಬ್ಬಿ ಮರತಿ ನೋಡು” ಎಂದಳು. “ನಿಲ್ಲು, ನಾನೂ ಬರ್ತೀನಿ.”